ಕಂತು ಕಡಿಮಿ

ಬ್ಯಾಂಕಿನ ಅಧಿಕಾರಿ ಆ ದಿನ ಫೋನಿನಲ್ಲಿ ನಿಜಕ್ಕೂ ಏನು ಹೇಳಿದರೆಂಬುದು ನನಗೆ ಖಚಿತವಿಲ್ಲ. ಹಡಗಲಿಯ ಹೂವಿನ ಮಾರುಕಟ್ಟೆಯಲ್ಲಿ ಮಾಮನ, ಅಂದರೆ ಅಕ್ಕನ ಗಂಡನ, ತಕ್ಕಡಿಯ ಪಕ್ಕ ನಾನು, ಅಕ್ಕ ಇಬ್ಬರೂ ನಿಂತಿದ್ದೆವು. ಮಾಮ ಸ್ಪೀಕರ್ ಹಾಕಿದ್ದರು. ಸುತ್ತ ಹರಾಜಿನ ಕೂಗು. ಅಕ್ಕನ ಪ್ರಕಾರ ಅಧಿಕಾರಿ ಹೇಳಿದ್ದು "ಕಂತು ಕಡಿಮಿ ಆಗೈತಿ" ಎಂದು. ಮಾಮನ ಪ್ರಕಾರ "ಕಂತು ಕಡಿಮಿ ಆಗ್ಯಾವ" ಎಂದು. ನನ್ನ ಕಿವಿಯಲ್ಲಿ ಉಳಿದದ್ದು "ಕಂತು ಕಡಿಮಿ ಮಾಡೀವ್ರಿ" ಎಂಬ ಮಾತು. ಅದರಿಂದ ಏಕವಚನವೋ ಬಹುವಚನವೋ ತಿಳಿಯುವುದಿಲ್ಲ. ಧಾರವಾಡದಲ್ಲಿ ಎಂ.ಎ. ಓದುವಾಗ ಎಲ್ಲವನ್ನೂ ಅನುಮಾನಿಸಲು ಕಲಿತೆ. ಅನುಮಾನ ನನ್ನ ಕಿವಿಯವರೆಗೂ ಬರುತ್ತದೆಂದು ಆಗ ಗೊತ್ತಿರಲಿಲ್ಲ.

ಆ ಒಂದು ಮಾತಿನ ಮೇಲೆ ಅಕ್ಕ ಒಂದು ಕೋಣೆಯನ್ನು ಮಾತಾಡಿಬಿಟ್ಟಿದ್ದಳು.

ಅಕ್ಕ ಓಣಿಯ ಏಳೆಂಟು ಹೆಂಗಸರನ್ನು ಕೂಡಿಸಿಕೊಂಡು ಹೂ ಕಟ್ಟಿಸುತ್ತಾಳೆ. ಕಟ್ಟುವುದು ಮನೆಯ ಕಟ್ಟೆಯ ಮೇಲೆ. ಹೊತ್ತೇರಿದರೆ ಕಟ್ಟೆಗೆ ಬಿಸಿಲು ಬೀಳುತ್ತದೆ, ಹೂ ಬಾಡುತ್ತದೆ. ಹಿಂದಿನ ಓಣಿಯಲ್ಲಿ ತಂಪಾದ ಒಂದು ಕೋಣೆ ಖಾಲಿಯಾಗಿತ್ತು. ಬಾಡಿಗೆ ಸಾವಿರದ ನಾನೂರು. ಶ್ರಾವಣ ಹತ್ತಿರ ಬಂದಿತ್ತು, ಬೇರೆಯವರೂ ಕೇಳುತ್ತಿದ್ದರು. "ಐದನೇ ತಾರೀಖು ಸಂಜಿ ತನಕ ಹೇಳ್ರಿ, ಇಲ್ಲಾಂದ್ರ ಬೇರೆಯವ್ರಿಗೆ ಕೊಡ್ತೀನಿ" ಎಂದು ಮಾಲೀಕ ಹೇಳಿ ಹೋಗಿದ್ದ. ಆ ಬಾಡಿಗೆ ಎಲ್ಲಿಂದ ಬರಬೇಕೆಂಬುದನ್ನೂ ಅಕ್ಕ ಲೆಕ್ಕ ಹಾಕಿದ್ದಳು: ಮನೆ ಸಾಲದ ಕಂತು ಇಳಿದರೆ ಅದರಿಂದಲೇ.

ಸಾಲ ಅಕ್ಕ, ಮಾಮ ಇಬ್ಬರ ಹೆಸರಿನಲ್ಲೂ ಇತ್ತು. ಅದರ ಬಡ್ಡಿ ರೆಪೊ ದರಕ್ಕೆ, ಅಂದರೆ ರಿಸರ್ವ್ ಬ್ಯಾಂಕು ಬ್ಯಾಂಕುಗಳಿಗೆ ಸಾಲ ಕೊಡುವ ದರಕ್ಕೆ, ಗಂಟು ಹಾಕಿದ್ದು. ಅದರ ಮೇಲೆ ಬ್ಯಾಂಕು ತನ್ನದೊಂದಿಷ್ಟು ಸೇರಿಸುತ್ತದೆ. ರೆಪೊ ಏರಿದಾಗ ಮೊದಮೊದಲು ಕಂತಿನ ಹಣ ಹಾಗೇ ಇತ್ತು, ಸಾಲದ ಅವಧಿ ಮಾತ್ರ ಗೊತ್ತಾಗದಂತೆ ಬೆಳೆಯುತ್ತಾ ಹೋಯಿತು. ಸಾಲ ಮುಗಿಯುವ ದಿನ ಮಾಮನ ಎಪ್ಪತ್ತನೆಯ ವಯಸ್ಸನ್ನು ದಾಟುವಂತಾದಾಗ, ಇನ್ನು ಎಳೆಯಲು ಬರುವುದಿಲ್ಲವೆಂದು ಬ್ಯಾಂಕು ಕಂತನ್ನೇ ಏರಿಸಿತು. ಆ ಏರಿಕೆಯ ಸಿಟ್ಟು ಅಕ್ಕನಿಗೆ ಇನ್ನೂ ಇತ್ತು.

ಹಾಗಾಗಿ ರೆಪೊ ಇಳಿಯಿತೆಂದು ಟಿವಿಯಲ್ಲಿ ಬಂದಾಗಲೆಲ್ಲ ಅವಳು ಕೊಟ್ಟೂರಿನಲ್ಲಿರುವ ನನಗೆ ಫೋನು ಮಾಡುತ್ತಿದ್ದಳು. ಮೊದಲ ಸಲ ಇಳಿದ ಮರುತಿಂಗಳು ಏನೂ ಬದಲಾಗಲಿಲ್ಲ. ಟಿವಿಯವರದು ಸುಳ್ಳು ಎಂದಳು. ಸುಳ್ಳಲ್ಲ, ಬ್ಯಾಂಕು ದರವನ್ನು ಮೂರು ತಿಂಗಳಿಗೊಮ್ಮೆ ಹೊಸದಾಗಿ ಕೂಡಿಸುತ್ತದೆ, ಆ ದಿನ ಬರಬೇಕು ಎಂದು ನಾನೇ ವಿವರಿಸಿದ್ದೆ. ಈಗ ಮೂರನೆಯ ಇಳಿಕೆಯೂ ಆಗಿ, ಎಲ್ಲ ಸೇರಿ ಒಂದು ಶೇಕಡಾ ಇಳಿದಿತ್ತು. ಹೊಸ ದರದ ದಿನವೂ ಕಳೆದಿತ್ತು. ಫೋನಿನ ಮಾತು ಆದದ್ದು ಆಗಲೇ, ನಾನು ಹಡಗಲಿಗೆ ಬಂದಿದ್ದಾಗ. ಆದರೆ ಐದನೇ ತಾರೀಖು ಖಾತೆಯಿಂದ ಹೋದ ಕಂತಿನಲ್ಲಿ ಒಂದು ರೂಪಾಯಿಯೂ ಇಳಿದಿರಲಿಲ್ಲ. ಮಾಲೀಕ ಹೇಳಿದ್ದ ಸಂಜೆ ಅದೇ ದಿನ. ಅಕ್ಕ ನಮ್ಮಿಬ್ಬರನ್ನೂ ಮಾರುಕಟ್ಟೆಯಿಂದ ಎಬ್ಬಿಸಿಕೊಂಡು ಬ್ಯಾಂಕಿಗೆ ನಡೆದಳು.

ಅಧಿಕಾರಿ ಹರಪನಹಳ್ಳಿ ಕಡೆಯವರು, ನಮಗಿಂತ ಚಿಕ್ಕ ವಯಸ್ಸಿನವರು.

"ಕಂತು ಕಡಿಮಿ ಆಗೈತಿ ಅಂದ್ರಿ. ಎಲ್ಲೈತಿ?" ಅಕ್ಕ ಕೂರಲೇ ಇಲ್ಲ.

"ಮಾಡೀವಲ್ರಿ ಅಕ್ಕಾರ. ಹತ್ತೊಂಬತ್ತು ಕಂತು ಕಡಿಮಿ ಆಗ್ಯಾವ." ಅವರು ಕಂಪ್ಯೂಟರ್ ಪರದೆಯನ್ನು ನಮ್ಮ ಕಡೆ ತಿರುಗಿಸಿದರು. "ಬಡ್ಡಿ ಇಳಿದ್ರ ನಮ್ಮಲ್ಲಿ ಕಂತಿನ ರೊಕ್ಕ ಹಂಗೇ ಇಟ್ಟು ಅವಧಿ ಇಳಿಸ್ತೀವಿ. ಸಾಲ ಒಂದೂವರಿ ವರ್ಷ ಮೊದ್ಲ ಮುಗಿತೈತಿ. ನಿಮಗ ಲಾಭನ ಐತಿ."

ಅಕ್ಕ ಪರದೆ ನೋಡಲಿಲ್ಲ. ಮಾಮನ ಕಡೆ ತಿರುಗಿದಳು.

"ನಿಮಗ ಗೊತ್ತಿತ್ತು."

"ಏನು ಗೊತ್ತಿತ್ತು?"

"ಫೋನ್ನಾಗ ಹೇಳಿದ್ದು ಇದ ಅಂತ ಗೊತ್ತಿತ್ತು. ನಾ ರೂಮಿನ ಮಾತಾಡಿ ಬಂದಾಗ ಬಾಯಿ ಮುಚ್ಕೊಂಡು ಕುಂತ್ರಿ. ಸಾಲ ಲಗೂನ ತೀರ್‍ಲಿ ಅಂತ."

"ಆಗ್ಯಾವ ಅಂದಿದ್ರು, ಕೇಳಿದೆ. ನೀನೂ ಅಲ್ಲೇ ಇದ್ದೆ. ನಿನ್ನ ಕಿವಿಗೆ ನಾ ಹೊಣಿ ಏನು?"

ಹಿಂದೆ ಸಾಲಿನಲ್ಲಿ ನಿಂತವರು ಕತ್ತು ಚಾಚಿ ನೋಡುತ್ತಿದ್ದರು. ಅಕ್ಕ ನನ್ನ ಕಡೆ ತಿರುಗಿದಳು. "ನೀನೂ ಇದ್ದೆಲ್ಲ. ಹೇಳು, ಏನಂದ್ರು?"

ಏನಾದರೊಂದು ಹೇಳಿದರೆ ಯಾರೋ ಒಬ್ಬರು ಸುಳ್ಳುಗಾರರಾಗುತ್ತಿದ್ದರು. ಅಕ್ಕನ ಪರ ಹೇಳಬೇಕೆಂದು ಮನಸ್ಸಿತ್ತು. ಆದರೆ ನೆನಪಿನಲ್ಲಿ ಆ ಮಾತಿನ ತುದಿಯೇ ಇರಲಿಲ್ಲ.

"ನನಗ ಖರೆ ಗೊತ್ತಿಲ್ಲಕ್ಕ."

"ಎಂ.ಎ. ಓದ್ಯಾನಂತ, ಎಂ.ಎ.! ಎಮ್ಮಿ ಕಾದಿದ್ರ ಹಾಲಾದ್ರೂ ಸಿಗ್ತಿತ್ತು" ಎಂದಳು. ಸಾಲಿನಲ್ಲಿ ಯಾರೋ ನಕ್ಕರು. ಅವಳು ನಗಲಿಲ್ಲ.

ಅಧಿಕಾರಿ ಪರದೆಯನ್ನು ಮತ್ತೆ ತಮ್ಮ ಕಡೆ ತಿರುಗಿಸಿಕೊಂಡರು. "ರೊಕ್ಕನ ಇಳಿಬೇಕಂದ್ರ ಹಂಗೂ ಮಾಡಬಹುದ್ರಿ. ಬರದು ಕೊಡಬೇಕು. ಇಬ್ರೂ ಸಹಿ ಮಾಡಬೇಕು. ಅವಧಿ ಮೊದ್ಲಿನಂಗ ಆಗ್ತೈತಿ, ಕಂತು ತಿಂಗಳಾ ಸಾವಿರದ ನಾನೂರು ಚಿಲ್ರಿ ಇಳಿತೈತಿ. ಆದ್ರ ಒಟ್ಟು ಬಡ್ಡಿ ಜಾಸ್ತಿ ಕಟ್ತೀರಿ, ಅದೂ ಹೇಳಬೇಕು ನಾನು."

"ಅಂದ್ರ ನನ್ನ ಅರವತ್ತೊಂಬತ್ತರ ತನಕ" ಎಂದರು ಮಾಮ. ಮೊದಲ ಸಲ ಅವರ ದನಿ ಇಳಿದಿತ್ತು. "ಈಗ ಐವತ್ನಾಲ್ಕು. ಮುಂಜಾನಿ ಹರಾಜಿಗೆ ನಿಂತ್ರ ಈಗ್ಲೇ ಮಣಕಾಲು ಹಿಡಿತಾವ. ಆ ಹತ್ತೊಂಬತ್ತು ಕಂತು ನಿನಗ ಬರೇ ಲೆಕ್ಕ. ನಾ ನಿಂದ್ರಬೇಕು."

ಇದನ್ನು ಅವರು ಮನೆಯಲ್ಲಿ ಎಂದೂ ಹೇಳಿರಲಿಲ್ಲ ಅನ್ನಿಸುತ್ತದೆ. ಅಕ್ಕನ ಮುಖ ನೋಡಿ ಹಾಗೆಂದುಕೊಂಡೆ. ಅದೂ ನನ್ನ ಊಹೆಯೇ ಇರಬಹುದು.

ಅವಳು ಕುರ್ಚಿ ಎಳೆದು ಕೂತಳು. ಮಾಮನ ಕಡೆ ನೋಡದೆ ಅಧಿಕಾರಿಯನ್ನು ಕೇಳಿದಳು: "ನಡುವ ಕೈಯಾಗ ರೊಕ್ಕ ಬಂದ್ರ ಅಸಲಿಗೆ ಕಟ್ಟಬಹುದೇನ್ರಿ? ದಂಡ ಹಾಕ್ತೀರಿ?"

"ಇಲ್ರಿ. ಬಡ್ಡಿ ಏರಿಳಿಯೋ ಮನಿ ಸಾಲಕ್ಕ ದಂಡ ಇಲ್ಲ. ಎಷ್ಟಾದ್ರೂ ಕಟ್ರಿ. ಕಟ್ಟುವಾಗ ಅವಧಿ ಇಳಿಸ್ರಿ ಅಂತ ಹೇಳ್ರಿ, ಕಂತು ಮತ್ತ ಕಡಿಮಿ ಆಗ್ತಾವ."

"ಆಗ್ತಾವ" ಎಂದು ಅಕ್ಕ ಒತ್ತಿ ಹೇಳಿದಳು. ಆಮೇಲೆ ಮಾಮನಿಗೆ, "ಹಬ್ಬದ ಸೀಜನ್ ಮುಗಿಲಿ. ರೂಮಿನ್ಯಾಗ ದುಡಿದಿದ್ದು ಮೊದ್ಲ ಇದಕ್ಕ ಬರ್ತೈತಿ. ನಿಮ್ಮ ಕಂತು ನಿಮಗ ವಾಪಸ್ ಕೊಡ್ತೀನಿ" ಎಂದಳು.

"ಎಲ್ಲಾರೂ ಹಂಗ ಅಂತಾರ."

"ನಾನು ಎಲ್ಲಾರೂ ಅಲ್ಲ."

ಅಕ್ಕ ಅರ್ಜಿ ಬರೆದು, ಸಹಿ ಮಾಡಿ, ಮೇಜಿನ ಮೇಲೆ ಮಾಮನ ಮುಂದೆ ಇಟ್ಟಳು. ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ಕೋಣೆಯ ಮಾಲೀಕ. ಅವಳು ಎತ್ತಲಿಲ್ಲ, ಮಾಮನ ಕೈಯನ್ನೇ ನೋಡುತ್ತಿದ್ದಳು. ಫೋನು ನಿಂತು ಮತ್ತೆ ರಿಂಗಾಯಿತು. ಮಾಮ ಕನ್ನಡಕಕ್ಕೆ ಜೇಬು ತಡಕಿದರು. ಅದು ಮಾರುಕಟ್ಟೆಯಲ್ಲೇ ಉಳಿದಿತ್ತು. "ಎಲ್ಲಿ ಮಾಡ್ಲಿ?" ಎಂದು ಕೇಳಿದರು. ಅಕ್ಕ ಬೆರಳಿಟ್ಟು ತೋರಿಸಿದಳು.

ಆಮೇಲೆ ಅವಳು ಫೋನು ಎತ್ತಿ "ಹ್ಞೂಂ, ನಮಗ ಇರ್‍ಲಿ" ಎಂದಳು.

ಈಗ ಅವರಿಬ್ಬರೂ ಆ ದಿನವನ್ನು ಬೇರೆ ಬೇರೆಯಾಗಿ ಹೇಳುತ್ತಾರೆ. ತಾನು ತಕ್ಷಣ ಸಹಿ ಮಾಡಿದೆ ಎನ್ನುತ್ತಾರೆ ಮಾಮ. ಅರ್ಧ ದಿನ ಕಾಡಿಸಿದರು ಎನ್ನುತ್ತಾಳೆ ಅಕ್ಕ. ಕನ್ನಡಕದ ಸಂಗತಿ ಇಬ್ಬರಿಗೂ ನೆನಪಿಲ್ಲ. ಅದನ್ನು ನಾನೇ ಆಮೇಲೆ ಸೇರಿಸಿಕೊಂಡೆನೋ ಏನೋ. ಹಾಗಾಗಿ ದೀಪಾವಳಿ ಕಳೆದ ಮೇಲೆ ಹಡಗಲಿಗೆ ಹೋದಾಗ, ಮಾಮನನ್ನು ಕೇಳಿ ಅವರ ಫೋನಿನಲ್ಲಿ ಸಾಲದ ಖಾತೆಯನ್ನು ತೆರೆದು ನೋಡಿದೆ. ಆ ತಿಂಗಳ ಕಂತಿನ ಕೆಳಗೆ, ಕಂತಿಗೆ ಸೇರದ ಇನ್ನೊಂದು ಜಮೆ ಇತ್ತು, ಅಸಲಿಗೆ, ಅಕ್ಕನ ಖಾತೆಯಿಂದ.