ಶನಿವಾರವೇ ಕೊನೆಯ ದಿನ

ಪಾಂಡವಪುರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾರ್ಡು, ತಿಥಿ ಕಾರ್ಡು, ಪುಢಾರಿಗಳ ಹುಟ್ಟುಹಬ್ಬದ ಫ್ಲೆಕ್ಸು, ಎಲ್ಲಕ್ಕೂ ಮಾತು ಹೊಸೆದುಕೊಡುವವನು ನಾನೇ. ಕನ್ನಡ ಎಂ.ಎ. ಓದಿದ್ದಕ್ಕೆ ಅಷ್ಟಾದರೂ ಉಪಯೋಗವಾಯಿತಲ್ಲ ಎಂದು ಹೆಂಡತಿ ಆಡಿಕೊಳ್ಳುತ್ತಾಳೆ. ಹಾಗಿರುವಾಗ ಬಾಬುರಾಯನಕೊಪ್ಪಲಿನ ಹತ್ತಿರ ಹೊಸದಾಗಿ ಶುರುವಾದ ಕೋಚಿಂಗ್ ಸಂಸ್ಥೆಯ ಡೈರೆಕ್ಟರು ಅಂಗಡಿಗೆ ಬಂದು, ನಿಮ್ಮ ಕನ್ನಡ ಬಹಳ ಚೆನ್ನಾಗಿದೆಯಂತೆ ಎಂದರು. ನಾನು ಉಬ್ಬಿಹೋದೆ.

ಅವರದು ಪಿಯುಸಿ ಜೊತೆಗೇ ನೀಟ್, ಸಿಇಟಿ ತರಬೇತಿ. ಹತ್ತನೇ ತರಗತಿ ಮುಗಿಸಿದ ಮಕ್ಕಳಿಗೆ ಕೆ.ಆರ್. ಪೇಟೆ, ನಾಗಮಂಗಲದ ಶಾಲೆಗಳಲ್ಲಿ ಭಾನುವಾರ ಉಚಿತ ಸ್ಕಾಲರ್‌ಶಿಪ್ ಪರೀಕ್ಷೆ, ಮುಂದಿನ ಶನಿವಾರದೊಳಗೆ ಅಡ್ಮಿಷನ್. ನಾನು ಕರಪತ್ರ ಬರೆದೆ: 'ಒಂದು ಗಂಟೆಯ ಪರೀಕ್ಷೆ, ಶೇಕಡಾ ನೂರರವರೆಗೆ ವಿದ್ಯಾರ್ಥಿವೇತನ. ಪ್ರವೇಶಕ್ಕೆ ಶನಿವಾರವೇ ಕೊನೆಯ ದಿನ. ತಡಮಾಡಿದರೆ ಕೈತಪ್ಪುವುದು ಸೀಟಲ್ಲ, ನಿಮ್ಮ ಮಗುವಿನ ನಾಳೆ.' ಕೊನೆಯ ಸಾಲನ್ನು ಡೈರೆಕ್ಟರು ಎರಡು ಸಲ ಓದಿಸಿ ಬೆನ್ನು ತಟ್ಟಿದರು.

ಅದೇ ದಿನ ಅವರು ಇನ್ನೊಂದು ಕೆಲಸವನ್ನೂ ಕೊಟ್ಟರು. 'ದಿನಾಂಕ ವಿಸ್ತರಿಸಲಾಗಿದೆ' ಎಂಬ ಸ್ಟಿಕರು, ಆ ಶನಿವಾರದ ನಂತರದ ಎರಡು ಶನಿವಾರಗಳ ತಾರೀಖು ಹಾಕಿ. ಮೊದಲ ಗಡುವು ಮುಗಿದ ಮೇಲೆ ಫ್ಲೆಕ್ಸುಗಳ ಮೇಲೆ ಅಂಟಿಸೋಣ ಎಂದರು. ಮಕ್ಕಳಿಗೆ ಕೊಡುವ ಪ್ರಮಾಣಪತ್ರಗಳನ್ನೂ ನಾನೇ ಅಚ್ಚು ಹಾಕಿದೆ. ನಲವತ್ತು ಪರ್ಸೆಂಟಿಗಿಂತ ಕಡಿಮೆ ಸ್ಕಾಲರ್‌ಶಿಪ್ಪಿನ ಪ್ರಮಾಣಪತ್ರ ಬೇಕೆಂದು ಅವರು ಕೇಳಲೇ ಇಲ್ಲ. ಖಾಲಿ ಹಾಳೆ ಕೊಟ್ಟು ಬಂದ ಮಗುವಿಗೂ ನಲವತ್ತು ಗ್ಯಾರಂಟಿ ಎಂದು ನನಗೆ ಆಗಲೇ ಗೊತ್ತಾಯಿತು. ಗೊತ್ತಾಗಿಯೂ ಸುಮ್ಮನಿದ್ದೆ.

ಕಿಕ್ಕೇರಿಯಲ್ಲಿರುವ ನನ್ನ ಅಕ್ಕನ ಮಗಳೂ ಆ ಪರೀಕ್ಷೆ ಬರೆದಳು. ಮಂಗಳವಾರವೇ ಎಪ್ಪತ್ತು ಪರ್ಸೆಂಟ್ ಸ್ಕಾಲರ್‌ಶಿಪ್ ಎಂದು ಮೆಸೇಜು ಬಂತು, ಹಿಂದೆಯೇ ಸಂಸ್ಥೆಯಿಂದ ಫೋನು. ಆದರೆ ಅವಳು ಸರ್ಕಾರಿ ವಸತಿ ಕಾಲೇಜಿಗೂ ಅರ್ಜಿ ಹಾಕಿದ್ದಳು. ಅಲ್ಲಿ ಊಟ, ವಸತಿ, ಪಾಠ ಎಲ್ಲವೂ ಪುಕ್ಕಟೆ. ಅದರ ಆಯ್ಕೆಪಟ್ಟಿ ಬರಬೇಕಾಗಿದ್ದುದು ಸೋಮವಾರ, ಅಂದರೆ ನನ್ನ ಕರಪತ್ರದ ಶನಿವಾರ ಕಳೆದು ಎರಡು ದಿನಕ್ಕೆ.

ಶುಕ್ರವಾರ ಭಾವ ಕರಪತ್ರ ಹಿಡಿದುಕೊಂಡೇ ಅಂಗಡಿಗೆ ಬಂದರು. "ನಾಳೆನೇ ಕೊನೆ ಅಂತ ಐತಲ್ಲ, ದಿಟವೇನ್ಲಾ?"

"ಎರಡು ದಿನ ತಡೀರಿ ಭಾವ. ಸರ್ಕಾರಿ ಲಿಸ್ಟು ಬಂದ್ಬುಡ್ಲಿ" ಎಂದೆ.

"ಆಮೇಲೆ ಇದೂ ಇಲ್ಲ ಅದೂ ಇಲ್ಲ ಅಂದ್ರೆ? ಫೋನ್ ಮಾಡ್ದೋಳು ಐದೇ ಸೀಟು ಉಳ್ದವೆ ಅಂದ್ಲು." ಕರಪತ್ರವನ್ನು ನನ್ನ ಮೇಜಿನ ಮೇಲಿಟ್ಟು ಬೆರಳಿಂದ ಕುಟ್ಟಿದರು. "ನೀನೇ ಬರ್ದಿರೋದು ಕಣ್ಲಾ ಇದು. ಸುಳ್ಳು ಬರ್ದಿದ್ದೀಯಾ?"

ಸ್ಟಿಕರುಗಳ ಕಟ್ಟು ನನ್ನ ಕಾಲ ಬಳಿಯೇ ಇತ್ತು. ಬಗ್ಗಿ ಒಂದನ್ನು ತೆಗೆದು ತೋರಿಸಿದ್ದರೆ ಸಾಕಿತ್ತು. ಆದರೆ ಊರೆಲ್ಲ 'ನನ್ನ ಬಾಮೈದ ಬರೆದದ್ದು' ಎಂದು ಹೇಳಿಕೊಂಡು ಓಡಾಡಿದ ಮನುಷ್ಯನ ಎದುರು, ಹೌದು, ಸುಳ್ಳು ಬರೆದೆ ಅನ್ನಲು ಬಾಯಿ ಬರಲಿಲ್ಲ. "ನಿಮ್ಮಿಷ್ಟ ಭಾವ" ಎಂದುಬಿಟ್ಟೆ. ನಾಚಿಕೆಗೆಟ್ಟ ಮಾತು ಅದು.

ಶನಿವಾರ ಅವರು ಮಗಳ ಟಿಸಿ, ಅಂಕಪಟ್ಟಿಯ ಅಸಲು ಪ್ರತಿ ಕೊಟ್ಟು, ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿ ಬಂದರು. ಸೋಮವಾರದ ಪಟ್ಟಿಯಲ್ಲಿ ಅವಳ ಹೆಸರಿತ್ತು. ಗುರುವಾರದೊಳಗೆ ಅಸಲು ದಾಖಲೆಗಳ ಸಮೇತ ಹೋಗಿ ಸೇರಬೇಕಿತ್ತು.

ನಾನು ಬಾಬುರಾಯನಕೊಪ್ಪಲಿಗೆ ಓಡಿದೆ. ಡೈರೆಕ್ಟರು ಕಾಫಿ ತರಿಸಿ, ಭಾವ ಸಹಿ ಹಾಕಿದ್ದ ಕಾಗದವನ್ನು ನನ್ನ ಮುಂದಿಟ್ಟರು. ಮಧ್ಯದಲ್ಲಿ ಬಿಟ್ಟರೆ ಎರಡೂ ವರ್ಷದ ಫೀಸು ಕಟ್ಟಬೇಕು, ಅದೂ ಸ್ಕಾಲರ್‌ಶಿಪ್ ಇಲ್ಲದ ಪೂರ್ತಿ ಫೀಸು. ಕಟ್ಟಿದ ಮೇಲೆಯೇ ದಾಖಲೆ. "ನಿಮ್ಮವರು ಅಂತ ಮೊದಲೇ ಹೇಳಬಾರದಿತ್ತಾ ಸಾರ್?" ಎಂದು ನನ್ನನ್ನೇ ಕೇಳಿದರು. ಬುಧವಾರ ಮತ್ತೆ ಹೋದೆ, ಗುರುವಾರವೂ ಹೋದೆ. ಸರ್ಕಾರಿ ಕಾಲೇಜಿನ ಆ ಸೀಟು ಪಟ್ಟಿಯಲ್ಲಿದ್ದ ಮುಂದಿನ ಮಗುವಿಗೆ ಹೋಯಿತು.

ಮಾರನೆಯ ದಿನ ಕೋಚಿಂಗ್ ಸಂಸ್ಥೆಯ ಹಾಸ್ಟೆಲಿಗೆ ಕೊಡುವ ಕಾಗದಗಳ ಜೆರಾಕ್ಸಿಗೆಂದು ಹುಡುಗಿ ಒಬ್ಬಳೇ ಬಂದಳು. ಮೇಜಿನ ಮೇಲೆ ಇನ್ನೂ ಅಂಟಿಸದ ಸ್ಟಿಕರುಗಳು ಹರಡಿಕೊಂಡಿದ್ದವು. ಒಂದನ್ನು ಎತ್ತಿಕೊಂಡು ಓದಿದಳು.

"ಮಾವ, ಡೇಟು ಮುಂದುಕ್ಕೋಗೈತಾ?"

"ಹೂಂ ಮಗ."

"ನಿಮ್ಗೆ ಮೊದ್ಲೇ ಗೊತ್ತಿತ್ತಾ?"

ಜೆರಾಕ್ಸ್ ಮಿಷನ್ನಿನ ಕಡೆ ತಿರುಗಿಕೊಂಡೆ. "ಇಲ್ಲ ಕಣವ್ವ, ನೆನ್ನೆ ಹೇಳುದ್ರು."

ಅವಳು ಸ್ಟಿಕರನ್ನು ಇದ್ದಲ್ಲಿಯೇ ಇಟ್ಟಳು. "ಅಂಗಾರೆ ಬುಡಿ ಮಾವ, ಪಾಪ, ನೀವಾರ ಏನ್ ಮಾಡೀರಿ" ಎಂದು ನನಗೇ ಸಮಾಧಾನ ಹೇಳಿ, ಕಾಗದಗಳನ್ನು ಜೋಡಿಸಿಕೊಂಡು ಬಸ್ಸಿಗೆ ಹೊರಟಳು.