ಎರಡು ಗಂಟೆ ಕೂತ ಗುಲಾಬಿ

ಉಪ್ಪುಂದದ ಗುಲಾಬಿ ಮೀನು ಮಾರುವವರು. ಮೂವತ್ತು ವರ್ಷದಿಂದ ದಿನಾ ಬೆಳಿಗ್ಗೆ ಬುಟ್ಟಿ ಹೊತ್ತು ಬಿಜೂರು, ಕಂಬದಕೋಣೆಯ ಮನೆಮನೆ ಸುತ್ತಿದ ಕಾಲು ಅವರದ್ದು. ಮದುವೆಮನೆಗೆ ಹೋದರೂ ಊಟಕ್ಕೆ ಬಿಟ್ಟರೆ ಕೂರುವವರಲ್ಲ. 2004ರಲ್ಲಿ ಊರಿನ ಆರೋಗ್ಯ ಶಿಬಿರದಲ್ಲಿ ಖಾಲಿಹೊಟ್ಟೆಯ ರಕ್ತದಲ್ಲಿ ಸಕ್ಕರೆ 118 ಬಂತು. ಇಷ್ಟರಲ್ಲಿ ಸಕ್ಕರೆ ಕಾಯಿಲೆ ಹೌದೋ ಅಲ್ಲವೋ ಹೇಳುವುದಕ್ಕಾಗದು, ಕುಂದಾಪುರದ ಲ್ಯಾಬಿನಲ್ಲಿ ಗ್ಲೂಕೋಸ್ ಕುಡಿದು ಇನ್ನೊಂದು ಪರೀಕ್ಷೆ ಮಾಡಿಸಿ ಎಂದು ಡಾಕ್ಟರು ಚೀಟಿ ಕೊಟ್ಟರು.

ಲ್ಯಾಬಿನ ವಿನಯಾ ಮೊದಲು ಒಮ್ಮೆ ರಕ್ತ ತೆಗೆದು, ಲೋಟದ ತುಂಬ ಗ್ಲೂಕೋಸ್ ನೀರು ಕೈಗಿತ್ತಳು. ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು. ಆಮೇಲೆ ಎರಡು ಗಂಟೆ ಬೆಂಚಿನ ಮೇಲೆ ಸುಮ್ಮನೆ ಕೂರಬೇಕು. ಬೀಡಿ, ಎಲೆಯಡಿಕೆಯ ಕವಳ, ತಿಂಡಿ, ಚಾ ಯಾವುದೂ ಇಲ್ಲ. ತಿರುಗಾಡುವ ಹಾಗಿಲ್ಲ. ಬಾಯಾರಿದರೆ ಒಂದೆರಡು ಗುಟುಕು ನೀರು. ವಾಂತಿ ಬರುವ ಹಾಗಾದರೆ ಕೂಡಲೇ ತನ್ನನ್ನು ಕರೆಯಬೇಕು. ಗುಲಾಬಿ ಎಲ್ಲದಕ್ಕೂ ತಲೆಯಾಡಿಸಿದರು.

ಹತ್ತು ನಿಮಿಷ ಕೂತರು. ಕಾಲು ಜುಮ್ಮೆನ್ನತೊಡಗಿತು. ಕುಂದಾಪುರದ ಮಾರ್ಕೆಟಿನಲ್ಲಿ ಬಂಗುಡೆಗೆ ಎಷ್ಟು ಹೇಳುತ್ತಾರೋ ನೋಡಿ ಬಂದರೆ ತಪ್ಪೇನು ಅನ್ನಿಸಿತು. ಎದ್ದವರು ಮಾರ್ಕೆಟು ಮುಗಿಸಿ, ಬಸ್‌ಸ್ಟ್ಯಾಂಡ್ ದಾಟಿ, ಹೊಳೆಬದಿಯವರೆಗೂ ಬೀಸುಗಾಲಿನಲ್ಲಿ ನಡೆದರು. ಆದರೂ ಹೇಳಿದ ಹೊತ್ತಿಗೆ ಸರಿಯಾಗಿ ಬೆಂಚಿನ ಮೇಲಿದ್ದರು.

ಎರಡನೇ ರಕ್ತದಲ್ಲಿ 128 ಬಂತು. ವಿನಯಾ ಚೀಟಿ ಬರೆಯಲು ಕೂತವಳು ಗುಲಾಬಿಯ ಬೆವೆತ ಕುತ್ತಿಗೆ, ಧೂಳು ಮೆತ್ತಿದ ಪಾದ ನೋಡಿದಳು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದಳು. ಗುಲಾಬಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ.

ವಿನಯಾ ಪೆನ್ನು ಕೆಳಗಿಟ್ಟಳು. "ಗುಲಾಬಕ್ಕ, ಈ ಲೆಕ್ಕ ನಿಮ್ಮ ಕಾಲಿಂದ್. ನಿಮ್ಮ ಮೈಯಿಂದ್ ಅಲ್ಲ. ನಡೆವತಿಗೆ ಕಾಲೇ ಸಕ್ರೆ ಎಳ್ಕಂತ್. ಕೂಕಂಡ್ರೆ ಮಾತ್ರ ಮೈ ತಾನೊಂದೇ ಎಂತ ಮಾಡತ್ ಅಂತ ಗೊತ್ತಾಪ್ದ್."

"ಕಾಲ್ ಸಕ್ರೆ ತಿಂತಾ ಮಗಾ?" ಗುಲಾಬಿ ತಮ್ಮ ಪಾದವನ್ನೇ ಬಗ್ಗಿ ನೋಡಿದರು.

ಆ ಚೀಟಿಯನ್ನು ವಿನಯಾ ಡಾಕ್ಟರಿಗೆ ಕಳಿಸಲಿಲ್ಲ. ಮೂರು ದಿನ ಎಂದಿನಂತೆ ಅನ್ನ ಊಟ ಮಾಡಿ, ನಾಲ್ಕನೇ ದಿನ ಬೆಳಿಗ್ಗೆ ಖಾಲಿಹೊಟ್ಟೆಯಲ್ಲಿ ಬನ್ನಿ ಎಂದಳು.

ನಾಲ್ಕನೇ ದಿನ ಗುಲಾಬಿ ಕವಳದ ಸಂಚಿಯನ್ನು ತಾವಾಗಿಯೇ ವಿನಯಾಳ ಕೈಗೆ ಕೊಟ್ಟು ಕೂತರು. ಪಕ್ಕದಲ್ಲಿ ಶ್ರಾವ್ಯ ಎಂಬ ಬಸುರಿ ಹುಡುಗಿ. ಅವಳಿಗೂ ಅದೇ ಪರೀಕ್ಷೆ. ಅರ್ಧ ಗಂಟೆ ಕಳೆಯಿತೋ ಇಲ್ಲವೋ, ಕುಡಿದ ಸಿಹಿನೀರು ಗುಲಾಬಿಯ ಗಂಟಲಿಗೆ ಉಕ್ಕಿ ಬಂತು. ಬಾಯಿ ನೀರಾಡಿತು. ಮರೆಯದೆ ವಿನಯಾಳನ್ನು ಕರೆದರು. ಅವಳು ಅವರನ್ನು ಗೋಡೆಗೆ ಒರಗಿಸಿ, ನಿಧಾನ ಉಸಿರೆಳೆದುಕೊಳ್ಳಿ ಎಂದು ಫ್ಯಾನು ಜೋರು ಮಾಡಿದಳು. ಎರಡು ಗುಟುಕು ನೀರು ಕುಡಿದ ಮೇಲೆ ಹೊಟ್ಟೆ ತಣ್ಣಗಾಯಿತು.

ಶ್ರಾವ್ಯಳಿಗೆ ಅದೃಷ್ಟವಿರಲಿಲ್ಲ. ಕೂತು ಒಂದು ಗಂಟೆಯಾಗುತ್ತಲೇ ವಾಂತಿಯಾಯಿತು. ಕುಡಿದ ಸಕ್ಕರೆ ಎಷ್ಟು ಒಳಗುಳಿಯಿತು, ಎಷ್ಟು ಹೊರಬಂತು ಎಂದು ಯಾರೂ ಹೇಳಲಾರರು, ಇವತ್ತಿನದು ಲೆಕ್ಕಕ್ಕಿಲ್ಲ ಎಂದು ವಿನಯಾ ಸಮಾಧಾನ ಮಾಡಿ, ಡಾಕ್ಟರನ್ನು ಕೇಳಿ ಇನ್ನೊಂದು ದಿನ ಬರಲು ಹೇಳಿದಳು. ಹುಡುಗಿಯ ಕಣ್ಣು ತುಂಬಿತ್ತು. ಗುಲಾಬಿ ಎದ್ದು ಬೆನ್ನು ಸವರಬೇಕೆಂದುಕೊಂಡರು, ಆದರೆ ಕೂತಲ್ಲಿಂದಲೇ ಕೈ ಚಾಚಿ ಅವಳ ಬೆರಳು ಹಿಡಿದುಕೊಂಡರು.

ಉಳಿದ ಒಂದು ಗಂಟೆ ಅವರು ಅಲುಗಲಿಲ್ಲ. ಜನ್ಮದಲ್ಲಿ ಮೊದಲ ಬಾರಿ ತಮ್ಮ ಎದೆ ಬಡಿಯುವುದು ಕೇಳಿಸಿತು. ಹೊರಗೆ ಬಸ್ಸಿನ ಹಾರ್ನು, ಒಳಗೆ ಈ ಸದ್ದು. ತಾನು ಸುಮ್ಮನಿದ್ದರೂ ಒಳಗೆ ಯಾರೋ ಕೆಲಸ ಮಾಡುತ್ತಲೇ ಇದ್ದಾರೆ, ಐವತ್ತು ವರ್ಷ ಒಂದು ಮಾತೂ ಕೇಳದೆ ದುಡಿದಿದ್ದಾರೆ ಅನ್ನಿಸಿತು.

ಈ ಸಲ 186.

ಅದೇ ಲೋಟ, ಅದೇ ಸಕ್ಕರೆ, ಅದೇ ಹೆಂಗಸು. ಡಾಕ್ಟರು ಚೀಟಿ ನೋಡಿ, ಇದು ಸಕ್ಕರೆ ಕಾಯಿಲೆಯಲ್ಲ, ಆದರೆ ಅದರ ಬಾಗಿಲಲ್ಲಿ ನಿಂತಿದ್ದೀರಿ ಎಂದರು. ಇಷ್ಟು ವರ್ಷದ ನಡಿಗೆಯೂ ನಿಮ್ಮನ್ನು ಕಾಯುತ್ತಿದ್ದಿರಬಹುದು, ಅದನ್ನು ಬಿಡಬೇಡಿ, ಸಿಹಿ ಕಡಿಮೆ ಮಾಡಿ, ವರ್ಷಕ್ಕೊಮ್ಮೆ ಬಂದು ತೋರಿಸಿ ಎಂದರು. ಮಾತ್ರೆ ಬರೆಯಲಿಲ್ಲ.

ಗುಲಾಬಿ ಸೋಜಿಗದಿಂದ ಕೇಳಿದರು: "ಆ ಎರಡ್ ಗಂಟೆ ನಡೀಕಾಗ, ಉಳ್ದ್ ಹೊತ್ತೆಲ್ಲ ನಡೀಕಾ?"

"ಹೌದು. ಅಷ್ಟೇ."

ಮರುದಿನ ಬುಟ್ಟಿ ಹೊತ್ತು ಬಿಜೂರಿನ ಏರು ಹತ್ತುವಾಗ ಗುಲಾಬಿ ಎಂದಿನ ಬೀಸುಗಾಲು ಬಿಟ್ಟು ಹಿಂದೆ ಉಳಿದರು. ಜೊತೆಗೆ ಮೀನು ಮಾರುವ ಸೀತು, ಹುಷಾರಿಲ್ಲವೇ ಎಂದು ಕೇಳಿದಳು. ಅವರು ಹಾಗೇನಿಲ್ಲವೆಂದು ಕೈಯಾಡಿಸಿದರು. ಹೆಜ್ಜೆ ಊರಿದಾಗಲೆಲ್ಲ ಕಾಲಿನ ಮೀನಖಂಡ ಬಿಗಿದು ಸಡಿಲುವುದನ್ನು ಗಮನಿಸುತ್ತ, ಏರಿನ ತುದಿಯವರೆಗೂ ಮೆಲ್ಲಗೆ ನಡೆದರು.