ಡಿ ಡ್ರೈವ್‌ನಲ್ಲಿದ್ದ ಹೊನ್ನೂರಮ್ಮ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಲ್ಯಾಪ್‌ಟಾಪ್ ರಿಪೇರಿ ಮಾಡುವ ಭೀಮರಾಜನಿಗೆ ಒಂದು ಚಟವಿತ್ತು. ಯಾರಾದರೂ ಹಳೇ ಯಂತ್ರ ತಂದು, ಇದನ್ನು ಬಿಸಾಕಿ ಹೊಸದು ತಗೊಳ್ಳಲೇ ಎಂದು ಕೇಳಿದರೆ ಸಾಕು, ತನ್ನನ್ನೇ ಬಿಸಾಕುತ್ತಾರೇನೋ ಎಂಬಷ್ಟು ಸಿಟ್ಟು ಬರುತ್ತಿತ್ತು. ಹತ್ತೊಂಬತ್ತು ವರ್ಷದಿಂದ ಗೂಡಿನಷ್ಟಗಲದ ಅಂಗಡಿಯಲ್ಲಿ ಕೂತು ಅವನು ಅದೆಷ್ಟೋ ಯಂತ್ರಗಳ ಆಯಸ್ಸು ಹೆಚ್ಚಿಸಿದ್ದ. ಅದರ ಹೆಮ್ಮೆಯೂ ಒಂದಿಷ್ಟು ಹೆಚ್ಚೇ ಇತ್ತು.

ಆ ಗುರುವಾರ ಅಂಗಡಿಗೆ ಬಂದವರು ಶೈಲಜಾ ಟೀಚರು. ಮನೆ ಕುರುಗೋಡು, ಕೆಲಸ ಸಿರುಗುಪ್ಪದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ. ಅವರ ಲ್ಯಾಪ್‌ಟಾಪಿಗೆ ಹತ್ತು ವರ್ಷ ದಾಟಿತ್ತು. ಬಟನ್ ಒತ್ತಿ, ಚಹಾ ಕುಡಿದು, ಲೋಟ ತೊಳೆದಿಟ್ಟು ಬಂದರೂ ಅದು ಇನ್ನೂ ತಿರುಗುತ್ತಲೇ ಇರುತ್ತಿತ್ತು. ಅದರ ವಿಂಡೋಸ್ 10ಕ್ಕೆ ಅಪ್‌ಡೇಟ್ ಬರುವುದೂ ನಿಂತಿತ್ತು. ವಿಂಡೋಸ್ 11 ಅದಕ್ಕೆ ಹತ್ತುವಂತಿರಲಿಲ್ಲ.

"ನಮ್ಮನೆಯವ್ರು ಹೊಸದು ತಗೋ ಅಂತಾರ. ಮೂವತ್ತು ಸಾವಿರದ ಒಳಗ ಒಂದು ನೋಡಿ ಬಂದೀನಿ," ಎಂದರು ಟೀಚರು.

"ಏನೈತ್ರಿ ಅದರಾಗ? ರ‍್ಯಾಮ್ ನಾಕು ಜಿಬಿ, ಅದೂ ಬೋರ್ಡಿಗೆ ಅಂಟಿಸಿಬಿಟ್ಟಾರ, ನಾಳಿ ಹೆಚ್ಚು ಮಾಡಾಕ ಬರಂಗಿಲ್ಲ. ವಿಂಡೋಸ್ 11 ಹೊತ್ಕೊಂಡು ಅದೂ ಹಿಂಗಾ ಏದುಸಿರು ಬಿಡ್ತೈತಿ. ನಿಮ್ಮ ಯಂತ್ರ ಗಟ್ಟಿ ಐತಿ ಮೇಡಂ, ಮೈಮ್ಯಾಗಿನ ಭಾರ ಇಳಿಸಬೇಕು ಅಷ್ಟ. ವಿಂಡೋಸ್ ತಗದು ಹಗೂರನ ಲಿನಕ್ಸ್ ಹಾಕಿ ಕೊಡ್ತೀನಿ."

ಮಾತಿಗೆ ಸಾಕ್ಷಿಯಾಗಿ ಪೆನ್ ಡ್ರೈವ್ ಚುಚ್ಚಿ, ಒಳಗೆ ಏನೂ ಹಾಕದೆಯೇ ಲಿನಕ್ಸ್ ಓಡಿಸಿ ತೋರಿಸಿದ. ವೈಫೈ ಹತ್ತಿತು, ಕನ್ನಡ ಅಕ್ಷರ ಮೂಡಿತು, ಶಾಲೆಯ ಕೆಲಸದ ವೆಬ್‌ಸೈಟ್ ತೆರೆಯಿತು. ಟೀಚರ ಮುಖ ಅರಳಿತು. ಆಮೇಲೆ ಅವರು ಕೇಳಬೇಕಾದ್ದನ್ನೇ ಕೇಳಿದರು.

"ಡಿ ಡ್ರೈವ್‌ನಾಗ ನನ್ನ ಹುಡುಗರ ದನಿ ಅದಾವ್ರಿ. ಅವಕ್ಕೇನೂ ಆಗಂಗಿಲ್ಲಲ್ಲ?"

ನಾಲ್ಕು ವರ್ಷದಿಂದ ಅವರು ತಿಂಗಳಿಗೊಮ್ಮೆ ಪ್ರತಿ ಮಗುವಿನ ಓದನ್ನು ಫೋನಿನಲ್ಲಿ ಹಿಡಿದು, ಫೋನು ತುಂಬಿದಾಗ ಲ್ಯಾಪ್‌ಟಾಪಿಗೆ ಹಾಕಿ, ಫೋನಿನಿಂದ ಅಳಿಸುತ್ತಿದ್ದರು. ಸೋಮವಾರ ಎರ್ರೆಪ್ಪ ಎಂಬವನು ಆರನೇ ಕ್ಲಾಸಿನ ಮಗಳು ಹೊನ್ನೂರಮ್ಮಳನ್ನು ಶಾಲೆ ಬಿಡಿಸಲು ಬರುವವನಿದ್ದ. ಹೆಂಡತಿ ಮೆಣಸಿನಕಾಯಿ ಬಿಡಿಸಲು ಹೋದರೆ ಕೂಸು ಆಡಿಸುವವರು ಬೇಕಿತ್ತು. ಮೂರನೇ ಕ್ಲಾಸಿನಲ್ಲಿ ಆ ಹುಡುಗಿ ಮನೆಮಾತು ತೆಲುಗಿನಿಂದ ಕನ್ನಡಕ್ಕೆ ಬಂದು, ಒಂದೊಂದು ಅಕ್ಷರಕ್ಕೂ ತಡವರಿಸಿದ್ದು, ಈಗ ನೀರು ಕುಡಿದಂತೆ ಓದುವುದು, ಎರಡನ್ನೂ ಒಂದರ ಹಿಂದೊಂದು ಅಪ್ಪನಿಗೆ ಕೇಳಿಸಬೇಕು. ಟೀಚರ ಕೈಯಲ್ಲಿದ್ದದ್ದು ಅದೊಂದೇ ದಾರಿ. "ದೂರ ಎಷ್ಟು ಬಂದಾಳ ಅನ್ನೋದು ತಿಳಿದ್ರ ಬಿಡಿಸಂಗಿಲ್ಲ ಆ ಮನುಷ್ಯ," ಎಂದರು.

"ಡಿ ದಾಗ ಐತಂದ ಮ್ಯಾಲ ಮುಗೀತು ಬಿಡ್ರಿ," ಎಂದ ಭೀಮರಾಜ. "ಡಿ ಮುಟ್ಟಂಗಿಲ್ಲ ನಾವು."

ಅವನ ಕಸುಬಿನವರಿಗೆಲ್ಲ ಅದು ಆಣೆಯಿಟ್ಟಂಥ ಮಾತು. ವಿಂಡೋಸ್ ಕೆಟ್ಟರೆ ಸಿ ಹಾರಿಸಿ ಹೊಸದಾಗಿ ಹಾಕು, ಡಿ ಹಾಗೇ ಇರುತ್ತದೆ. ಲಿನಕ್ಸನ್ನೂ ಅವನು ಐದಾರು ಸಲ ಹಾಕಿದ್ದ, ಆದರೆ ಪ್ರತಿ ಸಲವೂ ಖಾಲಿ ಡಿಸ್ಕಿಗೆ. ಟೀಚರು ಯಂತ್ರ ಬಿಟ್ಟುಹೋದ ಮರುದಿನ ಮಧ್ಯಾಹ್ನ, ಗಿರಾಕಿಯೊಬ್ಬನ ಹತ್ತಿರ ಚೌಕಾಸಿ ಮಾಡುತ್ತಾ, "ಡಿಸ್ಕ್ ಅಳಿಸಿ ಹಾಕು" ಎಂಬುದಕ್ಕೆ ಗುರುತು ಹಾಕಿ ಮುಂದೆ ಒತ್ತಿದ. ಅಳಿಸುವುದೆಂದರೆ ಹಳೇ ವಿಂಡೋಸ್ ಇದ್ದ ಸಿ ಯನ್ನಷ್ಟೇ ಎಂದುಕೊಂಡ; ಸಿ, ಡಿ ಎರಡೂ ಒಂದೇ ಡಿಸ್ಕಿನ ಎರಡು ಪಾಲು ಎಂಬುದು ಆಗ ಹೊಳೆಯಲಿಲ್ಲ. ಪರದೆ ಇನ್ನೊಮ್ಮೆ ಎಚ್ಚರಿಸಿತು. ಅದನ್ನೂ ಓದಲಿಲ್ಲ, ಪುಣ್ಯಾತ್ಮ.

ಯಂತ್ರ ಅರ್ಧ ನಿಮಿಷದೊಳಗೆ ಎದ್ದು ನಿಂತಿತು. ಹೆಮ್ಮೆಯಿಂದ ಫೈಲುಗಳನ್ನು ತೆರೆದ. ಡಿ ಇರಲಿಲ್ಲ. ಇಡೀ ಡಿಸ್ಕು ಒಂದೇ ಬಯಲಾಗಿ, ಹೆಚ್ಚುಕಡಿಮೆ ಖಾಲಿಯಾಗಿ ಬಿದ್ದಿತ್ತು. ಇನ್ನೊಂದು ಅಕ್ಷರವೂ ಅದರ ಮೇಲೆ ಬರೆಯಬಾರದೆಂದು ಸಟ್ಟನೆ ಪವರ್ ಕಿತ್ತ. ಅಷ್ಟು ಬುದ್ಧಿಯಾದರೂ ಉಳಿದಿತ್ತು.

ಡಿಸ್ಕು ಬಿಚ್ಚಿ ಬೇರೆ ಯಂತ್ರಕ್ಕೆ ಸಿಕ್ಕಿಸಿ, ಅಳಿದ ಫೈಲು ಹೆಕ್ಕುವ ಪ್ರೋಗ್ರಾಂ ಓಡಿಸಿದ. ಶನಿವಾರವಿಡೀ ಅಂಗಡಿಯ ಬಾಗಿಲು ಅರ್ಧ ಎಳೆದು ಅದರ ಮುಂದೆಯೇ ಕೂತ. ಅನ್ನ ಸೇರಲಿಲ್ಲ. ಸಂಜೆಗೆ ಒಂಬೈನೂರು ಚಿಲ್ಲರೆ ದನಿಗಳು ಬಂದವು, ಆದರೆ ಒಂದಕ್ಕೂ ಹೆಸರಿರಲಿಲ್ಲ. ಇಂಥ ಹೆಕ್ಕುವಿಕೆಯಲ್ಲಿ ಫೈಲು ಸಿಕ್ಕರೂ ಅದರ ಹೆಸರು, ತಾರೀಕು, ಫೋಲ್ಡರು ಸಿಗುವುದಿಲ್ಲ. ಎಲ್ಲಕ್ಕೂ ಬರೀ ನಂಬರು. ಎದೆ ಗಟ್ಟಿ ಮಾಡಿಕೊಂಡು ಟೀಚರಿಗೆ ಫೋನು ಮಾಡಿದ. "ತಪ್ಪು ನಂದು ಮೇಡಂ," ಎಂದ. ದನಿ ಗುರುತು ಹಿಡಿಯಲು ತಾನೇ ಬರುತ್ತೇನೆಂದು ಅವರು ಫೋನಿಟ್ಟರು.

ಭಾನುವಾರ ಮೊದಲ ಬಸ್ಸಿಗೇ ಅವರು ಬಂದರು. ಬೈದಿದ್ದರೆ ಭೀಮರಾಜನಿಗೆ ಎಷ್ಟೋ ಹಗುರವಾಗುತ್ತಿತ್ತು. ಬೈಯಲಿಲ್ಲ. ಇಯರ್‌ಫೋನ್ ಹಾಕಿಕೊಂಡು ಒಂದೊಂದೇ ದನಿ ಕೇಳುತ್ತಾ ಹೋದರು. ಎರಡು ಮಾತು ಕೇಳುವಷ್ಟರಲ್ಲಿ, "ಮಾರೇಶ, ನಾಲ್ಕನೇ ಕ್ಲಾಸ್. ಊರಮ್ಮ, ನೆಗಡಿ ಆದಾಗಿಂದು. ಇದು ಭಾಗ್ಯ," ಎನ್ನುತ್ತಿದ್ದರು. ಯಂತ್ರ ಮರೆತ ಹೆಸರನ್ನೆಲ್ಲ ಅವರು ಹೇಳುತ್ತಿದ್ದರೆ ಭೀಮರಾಜ ನಂಬರು ಅಳಿಸಿ ಹೆಸರು ಹೊಡೆಯುತ್ತಿದ್ದ. ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗುತ್ತಿರಲಿಲ್ಲ.

ಮೂರು ಗಂಟೆಗೆ ಹೊನ್ನೂರಮ್ಮ ಸಿಕ್ಕಳು. ಹೋದ ತಿಂಗಳಿನ ಓದು. ಸರಾಗ, ಸ್ಪಷ್ಟ. ಆದರೆ ಮೂರನೇ ಕ್ಲಾಸಿನ ಓದುಗಳಲ್ಲಿ ಒಂದೂ ಸಿಗಲಿಲ್ಲ. ಒಂಬೈನೂರೂ ಮುಗಿದವು. ತಡವರಿಸುವ ಹೊನ್ನೂರಮ್ಮ ಎಲ್ಲೂ ಇರಲಿಲ್ಲ.

"ಇರೋದನ್ನ ಒಯ್ತೀನಿ," ಎಂದು ಟೀಚರು ಅದೊಂದನ್ನು ಫೋನಿಗೆ ಹಾಕಿಸಿಕೊಂಡು ಎದ್ದರು.

ಸೋಮವಾರ ಭೀಮರಾಜನೇ ತಡೆಯಲಾರದೆ ಫೋನು ಮಾಡಿದ. ಟೀಚರ ದನಿ ಸೋತುಹೋಗಿತ್ತು. ಎರ್ರೆಪ್ಪ ಮಗಳ ಓದನ್ನು ಪೂರ್ತಿ ಕೇಳಿದನಂತೆ, ಹಿಗ್ಗಿದನಂತೆ. ಹಿಗ್ಗಿ, ಏನೆಂದ ಗೊತ್ತೇ?

"'ಇಷ್ಟು ಚೆಂದ ಓದಾಕ ಬಂತಲ್ಲ ಟೀಚರಮ್ಮ, ಇನ್ನ ಸಾಲಿ ಯಾಕ ಬೇಕು?' ಅಂದ್ರಿ. ಎಲ್ಲಿಂದ ಬಂದಾಳ ಅಂತ ನಾನು ಬಾಯಾಗ ಹೇಳಿದೆ, ಅದು ತಲಿಗೆ ಹೋಗಲಿಲ್ಲ. ಕರ್ಕೊಂಡು ಹೋದ."

ಭೀಮರಾಜನ ಸಲಹೆ ಸುಳ್ಳಾಗಿರಲಿಲ್ಲ. ಆ ಹಳೇ ಯಂತ್ರ ಈಗಲೂ ಹೊಸದರ ಮುಂದೆ ಸೋಲದಂತೆ ಓಡಬಲ್ಲದಾಗಿತ್ತು. ಆದರೆ ಟೀಚರು ಗಂಡನ ಮಾತು ಕೇಳಿ ಆ ಬಡಪಾಯಿ ಹೊಸದನ್ನೇ ಕೊಂಡಿದ್ದರೆ, ಹಳೆಯದು ಡಿ ಸಮೇತ ಮನೆಯ ಕಪಾಟಿನಲ್ಲಿ ಕ್ಷೇಮವಾಗಿರುತ್ತಿತ್ತು. ಇಲ್ಲವೇ ತಾನು ಶುಕ್ರವಾರ ಒಂದು ತಾಸು ಕೂತು ಎಲ್ಲವನ್ನೂ ಬೇರೆ ಡಿಸ್ಕಿಗೆ ನಕಲು ಮಾಡಿಕೊಂಡಿದ್ದರೆ ಸಾಕಿತ್ತು.

ಟೀಚರಿಗೆ ಬೇರೆ ಡಿಸ್ಕು ಹಾಕಿ ಕೊಟ್ಟು, ಹಳೆಯದನ್ನು ತಾನೇ ಇಟ್ಟುಕೊಂಡ. ಕೆಟ್ಟುಹೋದ, ಅರ್ಧಂಬರ್ಧ ಫೈಲುಗಳನ್ನೂ ಬಿಡದೆ ಹೆಕ್ಕುವಂತೆ ಪ್ರೋಗ್ರಾಮನ್ನು ಮತ್ತೆ ಓಡಿಸಿದ. ದಿನಾ ಒಂದಿಷ್ಟು ಕೇಳಿದ. ಹೆಚ್ಚಿನವು ಬರೀ ಕೊರಕೊರ ಸದ್ದು. ಹನ್ನೆರಡನೇ ದಿನ ಒಂದು ತುಂಡು ಸಿಕ್ಕಿತು, ಹನ್ನೊಂದು ಸೆಕೆಂಡಿನದು. ಮೊದಲು ಟೀಚರ ದನಿ: "ಓದವ್ವ ಹೊನ್ನೂರಮ್ಮ." ಆಮೇಲೆ ಪುಟ್ಟ ದನಿಯೊಂದು "ಮ... ಮ..." ಎಂದು ತಡವರಿಸಿ, ಉಸಿರೆಳೆದುಕೊಂಡು, "ಮರ" ಎಂದಿತು. ಅಲ್ಲಿಗೆ ಕಡಿಯಿತು.

ಭೀಮರಾಜ ಟೀಚರಿಗೆ ಫೋನು ಮಾಡಿ, ತುಂಡನ್ನು ಕೇಳಿಸಿದ. ಅವರು ಇನ್ನೊಮ್ಮೆ ಹಾಕಲು ಹೇಳಿದರು. ಹಾಕಿದ.

"ಹೊನ್ನೂರಮ್ಮನ ಮನಿಯವರು ಊರು ಬಿಟ್ಟು ಒಂದು ವಾರ ಆತ್ರಿ," ಎಂದರು ಕೊನೆಗೆ. "ಎರ್ರೆಪ್ಪನ ಫೋನು ಹತ್ತವಲ್ದು. ಹೆಸರು ಬರದು ಇಡ್ರಿ."

ಭೀಮರಾಜ ನಂಬರು ಅಳಿಸಿ ಹೆಸರು ಬರೆದ. ಮೂರು ಕಡೆ ನಕಲು ಮಾಡಿಟ್ಟ.